ಅಮ್ಮನ ಬೈತಲೆ, ಅರ್ಧ ಟ್ಯೂಬ್ ಡೈ, ಒಂದು ಕಾಫಿ ಲೋಟ ಡೆವಲಪರ್

"ಏನೇ ಇದು, ಹಣೆ ಮೇಲೆ ಕುಂಕುಮದ ನೀರು ಸುರಿದ ಹಾಗಿದೆಯಲ್ಲ?"

ತಲೆ ಸ್ನಾನ ಮುಗಿಸಿ ಹಿತ್ತಲ ಬಿಸಿಲಲ್ಲಿ ಕೂತ ಅಮ್ಮ ಕೈಗನ್ನಡಿ ಹಿಡಿದು ಕೇಳಿದ ಮಾತು. ನಾನು ಹತ್ತಿರ ಹೋಗಿ ನೋಡಿದೆ. ಕಿವಿಯ ಮೇಲಿನ ಬಿಳಿ ಕೂದಲು ಬಿಳಿಯೂ ಅಲ್ಲ, ಕಂದೂ ಅಲ್ಲ. ತೆಳ್ಳಗಿನ ಟೀ ಬಣ್ಣ. ಬೈತಲೆಯ ಎರಡೂ ಕಡೆ ಇನ್ನೂ ಕಪ್ಪಾಗಿಯೇ ಇದ್ದ ಕೂದಲು ಮಾತ್ರ ಬುಡದಲ್ಲಿ ಕೆಂಪಗಾಗಿತ್ತು. ಬಿಳಿದಕ್ಕೆ ಬಣ್ಣ ಹತ್ತಿಲ್ಲ, ಕಪ್ಪಿದ್ದದ್ದು ಕಪ್ಪಾಗಿ ಉಳಿದಿಲ್ಲ. ಇನ್ನು ಹನ್ನೆರಡು ದಿನಕ್ಕೆ ಚಿಕ್ಕಮ್ಮನ ಮನೆಯ ಗೃಹಪ್ರವೇಶ ಬೇರೆ.

ಅಮ್ಮನ ತಲೆಗೆ ಬಣ್ಣ ಹಚ್ಚುವ ಕೆಲಸ ನನ್ನದಾಗಿ ನಾಲ್ಕು ವರ್ಷ ಆಗಿದೆ. ಇಲ್ಲಿಯವರೆಗೆ ಹೀಗಾಗಿರಲಿಲ್ಲ. ಯಾಕೆಂದರೆ ಇಲ್ಲಿಯವರೆಗೆ ತರುತ್ತಿದ್ದದ್ದು ಡಬ್ಬಿಯ ಡೈ. ಅದರಲ್ಲಿ ಬಣ್ಣದ ಕ್ರೀಮು, ಅದಕ್ಕೆ ಕಲಸುವ ಡೆವಲಪರ್ ಎರಡೂ ಅಳತೆ ಮಾಡಿಯೇ ಬಂದಿರುತ್ತವೆ. ಎರಡನ್ನೂ ಪೂರ್ತಿ ಹಿಂಡಿ ಕಲಸಿದರೆ ಆಯಿತು. ಈ ಸಲ ಉಳಿತಾಯದ ಆಸೆಗೆ ಪಾರ್ಲರ್‌ಗೆ ಸಾಮಾನು ಮಾರುವ ಅಂಗಡಿಗೆ ಹೋದೆ. 3 ನಂಬರಿನ ಡಾರ್ಕ್ ಬ್ರೌನ್ ಟ್ಯೂಬ್ ಎರಡು, ಒಂದು ಲೀಟರಿನ 20 ವಾಲ್ಯೂಮ್ ಡೆವಲಪರ್ ಬಾಟಲಿ ಒಂದು ತಂದೆ. ಟ್ಯೂಬಿನ ಮೇಲೆ 60 ಗ್ರಾಂ ಅಂತ ಇತ್ತು. ಕಲಸುವ ಪ್ರಮಾಣ 1:1.5 ಅಂತಲೂ ಇತ್ತು. ಓದಿದ್ದೆ ಕೂಡ. ಓದಿ, ಅಂದಾಜಿನಲ್ಲೇ ಕಲಸಿದ್ದೆ.

ಅಮ್ಮನ ಕೂದಲು ಈಗ ತೆಳುವಾಗಿದೆ, ಬುಡಕ್ಕೆ ಮಾತ್ರ ಹಚ್ಚಬೇಕು, ಅರ್ಧ ಟ್ಯೂಬ್ ಸಾಕು ಅಂದುಕೊಂಡೆ. ಟ್ಯೂಬನ್ನು ಬಾಲದ ಕಡೆಯಿಂದ ನಡುವಿನವರೆಗೆ ಸುತ್ತಿ ಹಿಂಡಿದೆ. ಸ್ಟೀಲಿನ ಕಾಫಿ ಲೋಟದಲ್ಲಿ ಡೆವಲಪರ್ ತೆಗೆದುಕೊಂಡು ಅರ್ಧ ಸುರಿದೆ. ಕಲಸಿದಾಗ ಗಟ್ಟಿ ಅನ್ನಿಸಿತು, ಬಟ್ಟಲಲ್ಲಿ ಸ್ವಲ್ಪವೇ ಇದೆಯಲ್ಲ ಅಂತಲೂ ಅನ್ನಿಸಿತು. ಉಳಿದಿದ್ದನ್ನೂ ಸುರಿದೆ. ಆಗ ಬ್ರಶ್ ಸಲೀಸಾಗಿ ಓಡಿತು. ಹಚ್ಚುವಾಗ ಹಣೆಗೆ, ಕತ್ತಿಗೆ ಇಳಿಯುತ್ತಿತ್ತು. ಒರೆಸುತ್ತಾ ಹಚ್ಚಿದೆ. ಆ ಇಳಿಯುವಿಕೆಯೇ ಮೊದಲ ಸುಳಿವು. ಆಗ ಹೊಳೆಯಲಿಲ್ಲ.

ನಿಜವಾಗಿ ಎಷ್ಟು ಹಾಕಿದ್ದೆ?

ಸರಿಮಾಡುವ ಮೊದಲು ಏನು ತಪ್ಪಾಗಿದೆ ಅಂತ ಗೊತ್ತಾಗಬೇಕಲ್ವಾ? ಡೈ ಹಳೆಯದೇ, ಡೆವಲಪರ್ ಸತ್ತಿದೆಯೇ, ಹೊತ್ತು ಸಾಲಲಿಲ್ಲವೇ? ಎರಡರ ಮುಚ್ಚಳವನ್ನೂ ಅವತ್ತೇ ಒಡೆದದ್ದು. ಗಡಿಯಾರ ನೋಡಿಯೇ 35 ನಿಮಿಷ ಬಿಟ್ಟಿದ್ದೆ. ಉಳಿದದ್ದು ನನ್ನ ಅಂದಾಜು.

ಅಡುಗೆಮನೆಯ ತೂಕದ ಮಷೀನ್ ತಂದೆ. ಒಡೆಯದ ಎರಡನೇ ಟ್ಯೂಬ್ 68 ಗ್ರಾಂ ತೂಗಿತು. ಅಂದರೆ ಖಾಲಿ ಟ್ಯೂಬು, ಮುಚ್ಚಳ ಸೇರಿ 8 ಗ್ರಾಂ. ನಾನು ಬಳಸಿದ ಟ್ಯೂಬ್ ಇಟ್ಟೆ: 46. ಹೋಗಿದ್ದು 22 ಗ್ರಾಂ ಮಾತ್ರ. ಅರ್ಧ ಅಂದುಕೊಂಡಿದ್ದು ಮೂರರಲ್ಲೊಂದು ಪಾಲಿಗಿಂತ ಚೂರು ಜಾಸ್ತಿ ಅಷ್ಟೇ.

ಯಾಕೆ ಅಂತ ಟ್ಯೂಬನ್ನೇ ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಬಾಯಿಯ ಕಡೆ ಅದು ದುಂಡಗೆ ತುಂಬಿಕೊಂಡಿರುತ್ತದೆ. ಬಾಲದ ಕಡೆ ಒತ್ತಿ ಮಡಚಿ ಚಪ್ಪಟೆ ಮಾಡಿರುತ್ತಾರೆ. ಉದ್ದದಲ್ಲಿ ಅರ್ಧ ಸುತ್ತಿದರೂ ಒಳಗಿನ ಮಾಲು ಅರ್ಧ ಹೊರಗೆ ಬರುವುದಿಲ್ಲ. ಬಾಲದ ಕಡೆ ಇರುವುದೇ ಕಮ್ಮಿ.

ಇನ್ನು ಡೆವಲಪರ್. ಲೋಟದಲ್ಲಿ ಅಂಚಿಗಿಂತ ಎಷ್ಟು ಕೆಳಗೆ ತುಂಬಿದ್ದೆ ಅನ್ನೋದು ನೆನಪಿತ್ತು, ದಿನಾ ಕಾಫಿ ಕುಡಿಯುವ ಲೋಟ ಅದು. ಅಷ್ಟೇ ನೀರು ತುಂಬಿ ತೂಗಿದೆ. 74 ಗ್ರಾಂ ಬಂತು. ಡೆವಲಪರ್ ಕೂಡ ನೀರಿನಷ್ಟೇ ತೂಕ ಅಂದುಕೊಂಡರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

22ಕ್ಕೆ 74. ಅಂದರೆ 1:3.4. ಬೇಕಿದ್ದದ್ದು 22ಕ್ಕೆ 33.

ಎರಡು ಸಣ್ಣ ತಪ್ಪುಗಳು, ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ. ಎರಡೂ ಸೇರಿ ಪ್ರಮಾಣ ಎರಡು ಪಟ್ಟಿಗೂ ಮೀರಿ ಹೋಗಿತ್ತು. ಅಂದಾಜಿನ ತೊಂದರೆ ಇದೇ. ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಅಂದುಕೊಂಡರೆ, ಅವು ಒಂದನ್ನೊಂದು ಗುಣಿಸಿಕೊಳ್ಳುತ್ತವೆ.

ಬಟ್ಟಲೊಳಗೆ ಏನಾಯಿತು

ಟ್ಯೂಬಿನಿಂದ ಹೊರಬಂದಾಗ ಕ್ರೀಮು ಬೆಳ್ಳಗೇ ಇರುತ್ತದೆ. ಬಣ್ಣ ಅದರಲ್ಲಿ ಬಣ್ಣವಾಗಿ ಇರುವುದಿಲ್ಲ. ಪಿಪಿಡಿ ಅನ್ನುವ ರಾಸಾಯನಿಕದ ಥರದ ಸಣ್ಣ ಸಣ್ಣ ಅಣುಗಳು, ಜೊತೆಗೆ ಅಮೋನಿಯಾದಂಥ ಒಂದು ಕ್ಷಾರ ಇರುತ್ತವೆ. ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. 20 ವಾಲ್ಯೂಮ್ ಅಂದರೆ ಅದರಲ್ಲಿ 6% ಪೆರಾಕ್ಸೈಡ್. ಅದು ಬಾಟಲಿಯಲ್ಲಿ ಕೆಡದೆ ಇರಲಿ ಅಂತ ಸ್ವಲ್ಪ ಹುಳಿ ಮಾಡಿ ಇಟ್ಟಿರುತ್ತಾರೆ.

ಎರಡೂ ಸೇರಿದಾಗ ಕ್ಷಾರ ಗೆಲ್ಲಬೇಕು. ಕ್ಷಾರವೇ ಕೂದಲಿನ ಮೇಲಿನ ಪದರವನ್ನು ಸಡಿಲಿಸಿ ದಾರಿ ಬಿಡುತ್ತದೆ. ಸಣ್ಣ ಅಣುಗಳು ಒಳಗೆ ಹೋಗುತ್ತವೆ. ಅಲ್ಲಿ ಪೆರಾಕ್ಸೈಡ್ ಅವುಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಬಣ್ಣದ ಅಣು ಮಾಡುತ್ತದೆ. ದೊಡ್ಡದಾದ ಮೇಲೆ ಅದಕ್ಕೆ ಹೊರಗೆ ಬರಲು ಕಷ್ಟ. ಬಣ್ಣ ನಿಲ್ಲುವುದು ಹೀಗೆ. ಜೊತೆಗೆ ಪೆರಾಕ್ಸೈಡ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಕೂದಲಿನ ಹುಟ್ಟು ಕಪ್ಪನ್ನು ಸ್ವಲ್ಪ ಕರಗಿಸುತ್ತದೆ.

ಈಗ ನನ್ನ ಬಟ್ಟಲಿನ ಲೆಕ್ಕ. 1:1.5 ಕಲಸಿದರೆ ಮಿಶ್ರಣದಲ್ಲಿ ನೂರಕ್ಕೆ 40 ಪಾಲು ಕ್ರೀಮು. ನಾನು ಕಲಸಿದ್ದರಲ್ಲಿ ನೂರಕ್ಕೆ 23. ಬಣ್ಣದ ಸಾಮಾನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಕ್ಷಾರವೂ ಅಷ್ಟೇ ಇಳಿದಿತ್ತು. ಪೆರಾಕ್ಸೈಡ್ ಮಾತ್ರ ಏರಿತ್ತು. ಸರಿಯಾಗಿ ಕಲಸಿದರೆ ಮಿಶ್ರಣದಲ್ಲಿ 3.6% ಇರಬೇಕು, ನನ್ನದರಲ್ಲಿ 4.6% ಇತ್ತು.

ಬಿಳಿ ಕೂದಲಿಗೆ ತನ್ನದೇ ಬಣ್ಣ ಇಲ್ಲ. ನಾವು ಕೊಟ್ಟಷ್ಟೇ ಅದಕ್ಕೆ. ಅರ್ಧ ಕೊಟ್ಟೆ, ಅದು ಟೀ ಬಣ್ಣಕ್ಕೆ ನಿಂತಿತು. ಕಿವಿಯ ಮೇಲಿನ ಬಿಳಿ ಕೂದಲು ಒರಟು ಬೇರೆ, ಸುಲಭಕ್ಕೆ ಬಣ್ಣ ಕುಡಿಯುವುದಿಲ್ಲ. ಕಪ್ಪು ಕೂದಲಿನ ಕಥೆ ಉಲ್ಟಾ. ಪೆರಾಕ್ಸೈಡ್ ಹುಟ್ಟು ಕಪ್ಪನ್ನು ಸ್ವಲ್ಪ ತೆಗೆಯಿತು. ನಮ್ಮ ಕಡೆಯವರ ಕಪ್ಪು ಕೂದಲಿನ ಅಡಿಯಲ್ಲಿ ಇರುವುದು ಕೆಂಪು. ಆ ಕೆಂಪನ್ನು ಮುಚ್ಚಲು ಸಾಕಷ್ಟು ಡೈ ಇರಲಿಲ್ಲ. ಅಮ್ಮ ಹೇಳಿದ ಕುಂಕುಮದ ನೀರು ಅಂದರೆ ಇದೇ. ಬುಡದಲ್ಲೇ ಹೆಚ್ಚು ಕೆಂಪಾಗಿದ್ದಕ್ಕೆ ನೆತ್ತಿಯ ಕಾವೂ ಕಾರಣ. ಬಿಸಿ ಇದ್ದ ಕಡೆ ಪೆರಾಕ್ಸೈಡ್ ಚುರುಕು.

ಬಾಚಣಿಗೆಯ ಕೂದಲಿನ ಮೇಲೆ ಪರೀಕ್ಷೆ

ಲೆಕ್ಕ ಸರಿ ಅನ್ನಿಸಿದರೂ ಮತ್ತೆ ಅಮ್ಮನ ತಲೆಯ ಮೇಲೆಯೇ ಪ್ರಯೋಗ ಮಾಡಲು ಧೈರ್ಯ ಬರಲಿಲ್ಲ. ಒಂದು ವಾರ ಅಮ್ಮನ ಬಾಚಣಿಗೆಯಿಂದ ಕೂದಲು ಕೂಡಿಟ್ಟೆ. ಬಣ್ಣ ಹತ್ತಿದ್ದನ್ನು ಕತ್ತರಿಸಿ ಎಸೆದು, ಬಣ್ಣ ಹತ್ತದೆ ಬಿಳಿಯಾಗಿಯೇ ಉಳಿದ ಭಾಗ ಮಾತ್ರ ಉಳಿಸಿಕೊಂಡೆ. ಅದೂ ಸಾಲದೆ, ಬಣ್ಣವನ್ನೇ ಹಚ್ಚದ ದೊಡ್ಡಮ್ಮನನ್ನು ಕೇಳಿದೆ. "ನನ್ನ ಕೂದಲು ತಗೊಂಡು ಮಾಟ ಮಾಡ್ತೀಯೇನೇ?" ಅಂತ ನಕ್ಕು ಒಂದು ಉಂಡೆ ಕೊಟ್ಟರು. ಎಣ್ಣೆ ಹೋಗುವ ಹಾಗೆ ಶಾಂಪೂ ಹಾಕಿ ತೊಳೆದು, ಒಣಗಿಸಿ, ಮೂರು ಸಣ್ಣ ಜಡೆಗಳಾಗಿ ದಾರದಲ್ಲಿ ಕಟ್ಟಿದೆ.

ಇಲ್ಲಿ ತೂಕದ ವಿಷಯ ಒಂದು ಹೇಳಬೇಕು. ಅಡುಗೆಮನೆಯ ಮಷೀನ್ 1 ಗ್ರಾಂಗಿಂತ ಕಮ್ಮಿ ತೋರಿಸುವುದಿಲ್ಲ. ತಲೆಗೆ ಕಲಸುವಾಗ ಅದು ಧಾರಾಳ ಸಾಕು. ಆದರೆ 4 ಗ್ರಾಂ ತೂಗುವಾಗ ಅರ್ಧ ಗ್ರಾಂ ಆಚೀಚೆ ಆದರೂ ಎಂಟರಲ್ಲೊಂದು ಪಾಲು ತಪ್ಪಿದಂತೆ. ಅದಕ್ಕೇ ತಮ್ಮನ ಹತ್ತಿರವಿದ್ದ 0.1 ಗ್ರಾಂ ತೋರಿಸುವ ಪುಟ್ಟ ಮಷೀನ್ ಇಸಿದುಕೊಂಡೆ. ಪ್ಲಾಸ್ಟಿಕ್ ಬಟ್ಟಲು ಇಟ್ಟು ಸೊನ್ನೆ ಮಾಡಿ ಡೈ ಹಿಂಡುವುದು, ಮತ್ತೆ ಸೊನ್ನೆ ಮಾಡಿ ಡೆವಲಪರ್ ಹನಿಸುವುದು. ಡೆವಲಪರ್‌ಗೆ ಸೂಜಿ ತೆಗೆದ ಸಿರಿಂಜ್ ಬಳಸಿದೆ. ಬಾಟಲಿಯಿಂದ ನೇರ ಸುರಿದರೆ ಕೊನೆಯ ಹನಿ ಯಾವಾಗಲೂ ಜಾಸ್ತಿಯೇ ಬೀಳುತ್ತದೆ. ಒಮ್ಮೆ ಕಲೆತ ಡೆವಲಪರ್ ಅನ್ನು ಬಾಟಲಿಗೆ ವಾಪಸ್ ಹಾಕುವಂತೆಯೂ ಇಲ್ಲ.

ಮೂರಕ್ಕೂ ಡೈ 4 ಗ್ರಾಂ. ಮೊದಲನೆಯದಕ್ಕೆ ಡೆವಲಪರ್ 2 ಗ್ರಾಂ, ಎರಡನೆಯದಕ್ಕೆ 6, ಮೂರನೆಯದಕ್ಕೆ 13.4. ಮೂರನೆಯದು ನನ್ನ ತಪ್ಪಿನ ನಕಲು. ಮೂರಕ್ಕೂ 35 ನಿಮಿಷ.

ಎರಡನೆಯದರ ಬಗ್ಗೆ ಹೇಳಲು ಏನೂ ಇಲ್ಲ. ದೋಸೆ ಹಿಟ್ಟಿನಂತೆ ಬ್ರಶ್ಶಿನಿಂದ ಮೆಲ್ಲಗೆ ಇಳಿಯಿತು, ಹಚ್ಚಿದ ಕಡೆಯೇ ನಿಂತಿತು. ತೊಳೆದಾಗ ಒಂದೇ ಸಮನಾದ ಗಾಢ ಕಂದು.

ಮೂರನೆಯದು ನೀರು ಮಜ್ಜಿಗೆ. ಜಡೆಯನ್ನು ಎತ್ತಿದರೆ ತೊಟ್ಟಿಕ್ಕುತ್ತಿತ್ತು. ತೊಳೆದು ಒಣಗಿಸಿದಾಗ ಅದೇ ಟೀ ಬಣ್ಣ. ಅಮ್ಮನ ಕಿವಿಯ ಪಕ್ಕ ಹಿಡಿದು ನೋಡಿದೆ, ಎರಡಕ್ಕೂ ಹೊಂದಿಕೆ. ಕಳ್ಳ ಸಿಕ್ಕಿಬಿದ್ದ.

ನನಗೆ ಕುತೂಹಲ ಇದ್ದದ್ದು ಮೊದಲನೆಯದರ ಮೇಲೆ. ಡೆವಲಪರ್ ಕಮ್ಮಿ ಹಾಕಿದರೆ ಡೈ ಗಟ್ಟಿ ಇರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನನ್ನ ಅತ್ತಿಗೆ ಹಾಗೇ ಮಾಡುತ್ತಾರೆ. 4ಕ್ಕೆ 2 ಹಾಕಿದ್ದು ಮುದ್ದೆಯಾಯಿತು. ಬ್ರಶ್ ಎಳೆದರೆ ಕೂದಲೇ ಜೊತೆಗೆ ಬರುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಅಂಚು ಒಣಗಿ ಪೊರೆ ಕಟ್ಟಿತು. ಒಣಗಿದ ಮಿಶ್ರಣ ಮುಂದೆ ಕೆಲಸ ಮಾಡುವುದಿಲ್ಲ. ತೊಳೆದಾಗ ಹೊರಗಿನ ಎಳೆಗಳು ಕಂದು. ಜಡೆ ಬಿಡಿಸಿದರೆ ಒಳಗಿನವು ಬೂದು, ಕೆಲವು ಬಿಳಿ. ಆಮೇಲೆ ದಿನಕ್ಕೊಂದರಂತೆ ಮೂರು ಸಲ ಶಾಂಪೂ ಹಾಕಿದೆ. ಎರಡನೆಯ ಜಡೆ ಹಾಗೇ ಇತ್ತು. ಮೊದಲನೆಯದು ಪ್ರತಿ ಸಲವೂ ನೀರಿಗೆ ಕಂದು ಬಿಟ್ಟಿತು.

ಕಾರಣ ಸರಳ. 6 ಗ್ರಾಂ ಡೆವಲಪರ್‌ನಲ್ಲಿ 0.36 ಗ್ರಾಂ ಪೆರಾಕ್ಸೈಡ್ ಇರುತ್ತದೆ, 2 ಗ್ರಾಂನಲ್ಲಿ 0.12. ಅಷ್ಟೇ ಡೈಗೆ ಮೂರರಲ್ಲೊಂದು ಪಾಲು ಪೆರಾಕ್ಸೈಡ್. ಸಣ್ಣ ಅಣುಗಳು ಪೂರ್ತಿ ಜೋಡಿಯಾಗಲೇ ಇಲ್ಲ. ಜೋಡಿಯಾಗದ್ದು ತೊಳೆದರೆ ಹೋಗುತ್ತದೆ. ಬಣ್ಣ ಹೋದರೆ ಹೋಗಲಿ, ಇದರಲ್ಲಿ ಇನ್ನೊಂದು ಪೇಚಿದೆ. ಡೈನಿಂದ ಅಲರ್ಜಿ ತರುವುದು ಮುಖ್ಯವಾಗಿ ಜೋಡಿಯಾಗದೆ ಉಳಿದ ಪಿಪಿಡಿ. ಗಟ್ಟಿ ಇರಲಿ ಅಂತ ಡೆವಲಪರ್ ಕಮ್ಮಿ ಮಾಡಿದರೆ ಅಂಥದ್ದೇ ನೆತ್ತಿಗೆ ಜಾಸ್ತಿ ತಾಗುತ್ತದೆ. ಅತ್ತಿಗೆಗೆ ಇದನ್ನು ಹೇಳಿದ್ದೇನೆ. "ನೋಡೋಣ ಬಿಡು" ಅಂದಿದ್ದಾರೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಮೇಜಿನ ಮೇಲಿನ ಜಡೆಗೆ ನೆತ್ತಿಯ ಕಾವು ಇಲ್ಲ. ಮೂರನ್ನೂ ಒಂದಕ್ಕೊಂದು ಹೋಲಿಸಬಹುದು, ಆದರೆ ತಲೆಯ ಮೇಲೆ ಬಣ್ಣ ಇಷ್ಟೇ ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಬಿಳಿ ಜಡೆಯಲ್ಲಿ ಕೆಂಪು ಕಾಣುವ ಪ್ರಶ್ನೆಯೇ ಇಲ್ಲ, ಹುಟ್ಟು ಕಪ್ಪು ಇದ್ದರೆ ತಾನೇ ಕೆಂಪು ಹೊರಬೀಳುವುದು.

ಪಕ್ಕದ ಮನೆಯ ಬಾಟಲಿ

ಈ ನಡುವೆ ಪಕ್ಕದ ಮನೆಯ ಆಂಟಿ ವಿಷಯ ತಿಳಿದು ತಮ್ಮ ಡೆವಲಪರ್ ತಂದುಕೊಟ್ಟರು. "ನಿಂದು ಸರಿ ಇಲ್ಲ ಅನ್ಸುತ್ತೆ, ಇದು ಸ್ಟ್ರಾಂಗ್, ಹಿಡಿಯುತ್ತೆ" ಅಂದರು. ನೋಡಿದರೆ 30 ವಾಲ್ಯೂಮ್, ಅಂದರೆ 9%. ಅದನ್ನು 1:1.5 ಕರಾರುವಾಕ್ಕಾಗಿ ಅಳೆದು ಕಲಸಿದರೂ ಮಿಶ್ರಣದಲ್ಲಿ 5.4% ಪೆರಾಕ್ಸೈಡ್ ಆಗುತ್ತದೆ. ನನ್ನ ತಪ್ಪಿನಲ್ಲಿ ಆಗಿದ್ದಕ್ಕಿಂತಲೂ ಜಾಸ್ತಿ. ಬುಡ ಇನ್ನೂ ಕೆಂಪಾಗುತ್ತಿತ್ತು, ನೆತ್ತಿ ಉರಿಯುತ್ತಿತ್ತು. ಅಳತೆ ಅಂದರೆ ಎಷ್ಟು ಗ್ರಾಂ ಅನ್ನೋದು ಅರ್ಧ, ಬಾಟಲಿಯೊಳಗೆ ಎಷ್ಟು ಪರ್ಸೆಂಟ್ ಅನ್ನೋದು ಇನ್ನರ್ಧ.

ಲೆಕ್ಕಕ್ಕೆ 40 ಗ್ರಾಂ 30 ವಾಲ್ಯೂಮ್‌ಗೆ 20 ಗ್ರಾಂ ನೀರು ಬೆರೆಸಿದರೆ 60 ಗ್ರಾಂ 20 ವಾಲ್ಯೂಮ್ ಸಿಗುತ್ತದೆ. ಆದರೆ ಕ್ರೀಮಿನಂಥ ಡೆವಲಪರ್‌ಗೆ ನೀರು ಹಾಕಿದರೆ ಅದರ ದಪ್ಪ ಹೋಗಿ ಮತ್ತೆ ಹಣೆಗೆ ಇಳಿಯುವ ಕಥೆ. ಬಾಟಲಿ ವಾಪಸ್ ಕೊಟ್ಟೆ. ಕೊಡುವಾಗ ಇಷ್ಟೆಲ್ಲ ಹೇಳಲಿಲ್ಲ, "ನಮ್ಮದೇ ಇನ್ನೂ ತುಂಬಾ ಇದೆ ಆಂಟಿ" ಅಂದೆ.

ಸರಿಮಾಡಿದ್ದು

ಮೊದಲ ಸಲ ಹಚ್ಚಿ ಹತ್ತನೇ ದಿನ. ಎರಡು ದಿನ ಮುಂಚೆ ಅಮ್ಮನ ಮೊಣಕೈ ಒಳಮಡಿಕೆಗೆ ಕಾಳಿನಷ್ಟು ಮಿಶ್ರಣ ಹಚ್ಚಿ 48 ಗಂಟೆ ಕಾದಿದ್ದೆವು. ಎರಡನೆಯ ಜಡೆಗೆ ಕಲಸಿ ಉಳಿದಿದ್ದೇ ಅದಕ್ಕೆ ಆಯಿತು. ತುರಿಕೆ, ಕೆಂಪು ಯಾವುದೂ ಬರಲಿಲ್ಲ. ಇದೇ ಡೈ ಹಿಂದಿನ ವಾರ ತಾನೇ ಹಚ್ಚಿದೆಯಲ್ಲ ಅಂತ ಅಮ್ಮ ಗೊಣಗಿದರು. ಪಿಪಿಡಿ ಅಲರ್ಜಿ ಎಷ್ಟೋ ಸಲ ಬಳಸಿದ ಮೇಲೂ ಶುರುವಾಗಬಹುದು, ಅದಕ್ಕೆ.

ಇಡೀ ತಲೆಗೆ ಹಚ್ಚಬೇಕಾಗಿರಲಿಲ್ಲ. ಎರಡೂ ಕಿವಿಯ ಮೇಲೆ, ಹಣೆಯಂಚು, ಬೈತಲೆಯ ಕೆಂಪು ಪಟ್ಟಿ ಇಷ್ಟೇ. ತುದಿಯ ಕೂದಲಿಗೆ ಮತ್ತೆ ಮತ್ತೆ ಹಚ್ಚಿದರೆ ಅದು ಸುಮ್ನೆ ಒರಟಾಗುತ್ತದೆ.

ಅಡುಗೆಮನೆಯ ಮಷೀನಿನ ಮೇಲೆ ಪ್ಲಾಸ್ಟಿಕ್ ಬಟ್ಟಲು, ಸೊನ್ನೆ. ಡೈ 12 ಗ್ರಾಂ. ಸೊನ್ನೆ. ಡೆವಲಪರ್ 18 ಗ್ರಾಂ. ಒಂದು ಸಲಕ್ಕೆ ಇಷ್ಟೇ ಕಲಸಿದೆ. ಎಡಗಡೆ ಮುಗಿದ ಮೇಲೆ ಬಲಗಡೆಗೆ ಮತ್ತೆ 12ಕ್ಕೆ 18. ಯಾಕೆಂದರೆ ಕಲಸಿದ ಕ್ಷಣದಿಂದಲೇ ಬಟ್ಟಲಲ್ಲಿ ಜೋಡಣೆ ಶುರುವಾಗುತ್ತದೆ. ಬೆಳ್ಳಗಿದ್ದದ್ದು ಕಣ್ಣೆದುರೇ ಕಂದಾಗಿ, ಕಪ್ಪಾಗಿ ಹೋಗುವುದನ್ನು ನೋಡಬಹುದು. ಬಟ್ಟಲಲ್ಲಿ ದೊಡ್ಡದಾದ ಅಣು ಕೂದಲೊಳಗೆ ಹೋಗುವುದಿಲ್ಲ. ಹೋದ ಸಲ ಅಮ್ಮನ ಬಲಗಡೆ ಎಡಕ್ಕಿಂತ ಕೆಟ್ಟದಾಗಿದ್ದಕ್ಕೆ ಇದೂ ಒಂದು ಕಾರಣ ಇರಬೇಕು, ನಡುವೆ ಒಂದು ಫೋನ್ ಬಂದಿತ್ತು.

ಈ ಸಲವೂ ಬ್ರಶ್ ಮೊದಲಿಗೆ ಗಟ್ಟಿ ಅನ್ನಿಸಿತು. ಕೈ ತಾನಾಗಿಯೇ ಬಾಟಲಿಯ ಕಡೆ ಹೋಯಿತು. ತಡೆದುಕೊಂಡು ಇನ್ನೂ ಒಂದು ನಿಮಿಷ ಕಲಸಿದೆ. ಗಂಟುಗಳು ಒಡೆದು ಹದಕ್ಕೆ ಬಂತು. ಅವತ್ತು ನನಗೆ ಗಟ್ಟಿ ಅನ್ನಿಸಿದ್ದು ಬಹುಶಃ ಸರಿಯಾಗಿ ಕಲಸದ ಗಂಟುಗಳು. ಡೆವಲಪರ್ ಸುರಿದು ಮುಚ್ಚಿಹಾಕಿದ್ದೆ.

ಕಿವಿಯ ಮೇಲೆ ಮೊದಲು ಹಚ್ಚಿದೆ, ಒರಟು ಕೂದಲಿಗೆ ಪೂರ್ತಿ ಹೊತ್ತು ಸಿಗಲಿ ಅಂತ. ಕೆಂಪು ಪಟ್ಟಿಗೆ ಕೊನೆಯಲ್ಲಿ. ಕೊನೆಯ ಬ್ರಶ್ ಮುಗಿದ ಮೇಲೆ 35 ನಿಮಿಷ. ಹಣೆಗೆ ಒಂದು ಹನಿಯೂ ಇಳಿಯಲಿಲ್ಲ. ಅಮ್ಮ ಹಳೆ ಟವೆಲ್ ಹೊದ್ದು ಅವರೆಕಾಳು ಸುಲಿಯುತ್ತಾ ಕೂತಿದ್ದರು. ಬಟ್ಟಲಲ್ಲಿ ಉಳಿದ ಚೂರನ್ನು ತೊಳೆದು ಚೆಲ್ಲಿದೆ. ಡಬ್ಬಿಯಲ್ಲಿ ಮುಚ್ಚಿಡುವ ಹಾಗಿಲ್ಲ. ಅದರಿಂದ ಗಾಳಿ ಬರುತ್ತಲೇ ಇರುತ್ತದೆ, ಬಿಗಿ ಮುಚ್ಚಳ ಹಾಕಿದರೆ ಉಬ್ಬಿ ಸಿಡಿಯಬಹುದು.

ತೊಳೆದು, ಒಣಗಿಸಿ, ಅದೇ ಹಿತ್ತಲ ಬಿಸಿಲಲ್ಲಿ ಅದೇ ಕೈಗನ್ನಡಿ. ಕಿವಿಯ ಮೇಲೆ ಕಂದು ತುಂಬಿಕೊಂಡಿತ್ತು. ಕೆಂಪು ಪಟ್ಟಿ ಮುಚ್ಚಿತ್ತು, ಬಿಸಿಲಿಗೆ ಹಿಡಿದರೆ ಮಾತ್ರ ಒಂದು ಎಳೆ ಬಿಸಿ ಛಾಯೆ ಕಾಣುತ್ತಿತ್ತು. ಒಮ್ಮೆ ಕರಗಿದ ಹುಟ್ಟು ಕಪ್ಪು ವಾಪಸ್ ಬರುವುದಿಲ್ಲ. ಮೇಲಿನ ಡೈ ಮಾಸಿದಂತೆ ಅಲ್ಲಿ ಮತ್ತೆ ಕೆಂಪು ಇಣುಕಬಹುದು. ಹೊಸ ಕೂದಲು ಬೆಳೆಯುವವರೆಗೆ ಅದನ್ನು ಹೊತ್ತುಕೊಂಡೇ ಇರಬೇಕು.

ಅಮ್ಮ ಕನ್ನಡಿ ತಿರುಗಿಸಿ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ "12ಕ್ಕೆ 18" ಅಂತ ಬರೆದರು.

ಆಮೇಲೆ ನಾನು ಟ್ಯೂಬನ್ನು ಮತ್ತೆ ತೂಗಿದೆ. ಪರೀಕ್ಷೆಗೆ 12, ತಲೆಗೆ 24 ಹೋಗಿ ಮಷೀನ್ 10 ತೋರಿಸಿತು. ಒಳಗೆ ಇನ್ನೂ 2 ಗ್ರಾಂ ಇರಬೇಕು, ಎಷ್ಟು ಹಿಂಡಿದರೂ ಬರುತ್ತಿಲ್ಲ ಅಂದೆ. ಅಮ್ಮ ಚಪಾತಿ ಲಟ್ಟಣಿಗೆ ತಂದು ಟ್ಯೂಬಿನ ಮೇಲೆ ಒತ್ತಿ ಉರುಳಿಸಿದರು. ಬಂತು.